ಕೊಂಡ ಬೆಲೆಯ ಋಣ

ಕಳೆದ ತಿಂಗಳು ಸಂಘದ ಸಭೆ ಮುಗಿದು, ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸಿ, ಉಳಿದ ಉಪ್ಪಿಟ್ಟಿನ ಪಾತ್ರೆಯ ಸುತ್ತ ನಾವು ನಾಲ್ಕೈದು ಮಂದಿ ನಿಂತಿದ್ದೆವು. ಮುಂಬಯಿಯಲ್ಲಿ ಮೂವತ್ತು ವರ್ಷ ಬಾಳಿದವರ ಮಾತು ಊರಿನ ಮಳೆಯಿಂದ ಹೊರಟು, ಮಕ್ಕಳ ಓದನ್ನು ಹಾದು, ಶೇರುಪೇಟೆಗೆ ಬಂದು ನಿಲ್ಲುವುದು ವಾಡಿಕೆ. ಅಂದೂ ಹಾಗೆಯೇ ಆಯಿತು. ಒಬ್ಬರು ಒಂದು ಕಂಪನಿಯ ಹೆಸರು ಹೇಳಿ, “ವರ್ಷದ ಗರಿಷ್ಠ ಬೆಲೆ ಒಂಬೈನೂರು, ಈಗ ಐನೂರ ಇಪ್ಪತ್ತಕ್ಕೆ ಸಿಗುತ್ತಿದೆ, ಬಹಳ ಅಗ್ಗ” ಎಂದರು. ಇನ್ನೊಬ್ಬರು ನಿಟ್ಟುಸಿರುಬಿಟ್ಟು, “ನಾನು ಏಳುನೂರಕ್ಕೆ ಕೊಂಡು ಕೂತಿದ್ದೇನೆ, ಅಷ್ಟು ಬಂದರೆ ಸಾಕು, ಕೈತೊಳೆದುಕೊಳ್ಳುತ್ತೇನೆ” ಎಂದರು. ಲೋಟಗಳನ್ನು ಎತ್ತಿಡುತ್ತಿದ್ದ ಒಬ್ಬ ಗೃಹಿಣಿ ನಮ್ಮತ್ತ ತಿರುಗಿ, “ಅಗ್ಗ ಅಂದರೆ ಯಾವುದಕ್ಕಿಂತ ಅಗ್ಗ?” ಎಂದು ಕೇಳಿದರು. ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದರು.

ಅಲ್ಲಿದ್ದ ನಮಗಾರಿಗೂ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆ ಲೋಕಲ್ ಗಾಡಿಯಲ್ಲಿ ಮನೆಯ ತನಕ ನಮ್ಮ ಜೊತೆಗೇ ಬಂತು. ಇದು ಕೇವಲ ಹಣಕಾಸಿನ ಪ್ರಶ್ನೆಯಲ್ಲ, ನಮ್ಮ ಅಹಂಕಾರದ, ನೆನಪಿನ, ಮನೆಮಂದಿಯೊಡನೆ ನಾವು ನಡೆದುಕೊಳ್ಳುವ ರೀತಿಯ ಪ್ರಶ್ನೆಯೂ ಹೌದು ಎಂದು ತೋರಿದ್ದರಿಂದ ಇಲ್ಲಿ ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲು ಆ ಒಂಬೈನೂರರ ವಿಚಾರ. ಪತ್ರಿಕೆಯಲ್ಲಾಗಲಿ ಮೊಬೈಲಿನ ಪರದೆಯಲ್ಲಾಗಲಿ ಪ್ರತಿ ಶೇರಿನ ಬದಿಯಲ್ಲಿ ಐವತ್ತೆರಡು ವಾರಗಳ ಗರಿಷ್ಠ ಮತ್ತು ಕನಿಷ್ಠ ಬೆಲೆಗಳು ಕಾಣುತ್ತವೆ. ದಾದರಿನ ಸೀರೆಯಂಗಡಿಯಲ್ಲಿ ಚೀಟಿಯ ಮೇಲೆ 1,800 ಎಂದು ಬರೆದು, ಅಡ್ಡಗೀಟು ಎಳೆದು, ಕೆಳಗೆ 1,100 ಎಂದು ಬರೆದಿರುತ್ತಾರಲ್ಲ, ಈ ಗರಿಷ್ಠ ಬೆಲೆ ಮಾಡುವ ಕೆಲಸವೂ ಅದೇ. ನಮ್ಮ ಹೆಂಗಸರು ಮಾತ್ರ ಆ ಚೀಟಿಗೆ ಮರುಳಾಗುವವರಲ್ಲ. ಸೆರಗನ್ನು ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಕೆರೆದು, ಬಟ್ಟೆಯನ್ನು ಹಿಂಡಿ ನೋಡಿ, ಆಮೇಲೆ 1,100 ಹೆಚ್ಚೋ ಕಡಿಮೆಯೋ ಹೇಳುತ್ತಾರೆ. ಅದೇ ಮನೆಯ ಯಜಮಾನರು ಶೇರು ಕೊಳ್ಳುವಾಗ ಬಟ್ಟೆಯನ್ನು ಮುಟ್ಟಿಯೂ ನೋಡದೆ ಅಡ್ಡಗೀಟಿನ ಬೆಲೆಯನ್ನು ನೋಡಿ ಹಿಗ್ಗುತ್ತಾರೆ.

ಆ ಸಂಖ್ಯೆಯ ಹುಟ್ಟನ್ನೇ ಸ್ವಲ್ಪ ನೋಡೋಣ. ಒಂದು ಶೇರು ಜೂನ್ 10ರಂದು ಒಂದೇ ಒಂದು ದಿನ ಯಾವುದೋ ಗಾಳಿಸುದ್ದಿಗೆ 900 ಮುಟ್ಟಿ ಕೆಳಗಿಳಿಯಿತೆಂದು ಇಟ್ಟುಕೊಳ್ಳಿ. ಆಮೇಲೆ ಹನ್ನೊಂದು ತಿಂಗಳು 500ರಿಂದ 540ರ ನಡುವೆಯೇ ಆಡುತ್ತಿತ್ತು. ಮುಂದಿನ ವರ್ಷ ಜೂನ್ ಮೊದಲ ವಾರದಲ್ಲಿ ಅದರ ಬೆಲೆ 520. ಗರಿಷ್ಠಕ್ಕಿಂತ ನೂರಕ್ಕೆ ನಲವತ್ತೆರಡರಷ್ಟು ಕೆಳಗೆ, ಆದ್ದರಿಂದ “ಬಹಳ ಅಗ್ಗ”. ಮತ್ತೊಂದು ವಾರ ಕಳೆದರೆ ಆ ಹಳೆಯ ಜೂನ್ 10 ಲೆಕ್ಕದ ಕಿಟಕಿಯಿಂದ ಹೊರಗೆ ಬೀಳುತ್ತದೆ. ಈಗ ಗರಿಷ್ಠ ಬೆಲೆ 540. ಶೇರು ಅದೇ 520ರಲ್ಲಿ ನಿಂತಿದೆ, ಕಂಪನಿಯಲ್ಲಿ ಏನೂ ಬದಲಾಗಿಲ್ಲ. ಆದರೆ ಮೊನ್ನೆ ಅಗ್ಗವಾಗಿದ್ದದ್ದು ಇಂದು “ತುದಿಯ ಹತ್ತಿರ” ಎನ್ನಿಸಿಕೊಂಡು ದುಬಾರಿಯಾಗುತ್ತದೆ. ಪಂಚಾಂಗದ ಒಂದು ಹಾಳೆ ಮಗುಚಿದ್ದರಿಂದ ಬದಲಾಗುವ ಅಗ್ಗತನವನ್ನು ನಾವು ವಸ್ತುವಿನ ಗುಣವೆಂದು ಹೇಗೆ ಹೇಳುವುದು?

ಆದರೂ ಮನಸ್ಸು ಅಂಥ ಸಂಖ್ಯೆಗೆ ಕಟ್ಟಿಬೀಳುತ್ತದೆ. 1974ರಲ್ಲಿ ಅಮೋಸ್ ಟ್ವೆರ್‌ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗದ ವಿವರವನ್ನು ಪ್ರಕಟಿಸಿದರು. ಜಾತ್ರೆಯಲ್ಲಿರುವಂಥ ಒಂದು ಸಂಖ್ಯಾಚಕ್ರವನ್ನು ಜನರ ಮುಂದೆ ತಿರುಗಿಸಿ, ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳು ನೂರಕ್ಕೆ ಎಷ್ಟಿವೆಯೆಂದು ಕೇಳಿದರು. ಚಕ್ರ 10ರಲ್ಲಿ ನಿಂತದ್ದನ್ನು ಕಂಡವರ ಉತ್ತರ 25ರ ಸುತ್ತಮುತ್ತ ಇತ್ತು. 65ರಲ್ಲಿ ನಿಂತದ್ದನ್ನು ಕಂಡವರ ಉತ್ತರ 45ರ ಸುತ್ತಮುತ್ತ. ಚಕ್ರಕ್ಕೂ ಆಫ್ರಿಕಕ್ಕೂ ಯಾವ ಸಂಬಂಧವೂ ಇಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಕಣ್ಣಿಗೆ ಬಿದ್ದ ಸಂಖ್ಯೆ ಲಂಗರಿನಂತೆ ಹಿಡಿದುಕೊಂಡಿತು, ದೋಣಿ ಅದರ ಸುತ್ತಲೇ ಸುಳಿದಾಡಿತು. ಚಕ್ರದ ಸಂಖ್ಯೆಗೇ ಹೀಗಾದರೆ, ನಾವೇ ಕಿಸೆಯಿಂದ ಎಣಿಸಿಕೊಟ್ಟ ಸಂಖ್ಯೆಯ ಹಿಡಿತ ಎಷ್ಟಿರಬೇಡ!

ಈ ಮಾತನ್ನು ಒಂದು ನಿಜವಾದ ಶೇರಿನಲ್ಲಿಟ್ಟು ನೋಡಬೇಕು. ಯೆಸ್ ಬ್ಯಾಂಕಿನ ಕಥೆ ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇ. 2018ರ ಆಗಸ್ಟಿನಲ್ಲಿ ಅದರ ಶೇರು 400 ರೂಪಾಯಿಯ ಆಸುಪಾಸಿನಲ್ಲಿತ್ತು. ಮುಂದಿನ ತಿಂಗಳು, ಅದರ ಮುಖ್ಯಾಧಿಕಾರಿಯ ಅವಧಿ 2019ರ ಜನವರಿಯ ಆಚೆಗೆ ಇರದೆಂದು ರಿಸರ್ವ್ ಬ್ಯಾಂಕ್ ತಿಳಿಸಿದ್ದು ಹೊರಬಿದ್ದೊಡನೆ ಶೇರು ಒಂದೇ ದಿನದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. 2019ರ ಏಪ್ರಿಲಿನಲ್ಲಿ ಬ್ಯಾಂಕು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ತ್ರೈಮಾಸಿಕ ನಷ್ಟವನ್ನು, ಸುಮಾರು 1,500 ಕೋಟಿ ರೂಪಾಯಿಗಳನ್ನು, ತೋರಿಸಿತು. 2020ರ ಮಾರ್ಚ್ 5ರಂದು ಠೇವಣಿದಾರರು 50 ಸಾವಿರಕ್ಕಿಂತ ಹೆಚ್ಚು ತೆಗೆಯಬಾರದೆಂಬ ನಿರ್ಬಂಧ ಬಂತು. ಮಾರನೆಯ ದಿನ ಶೇರು ಒಂದು ಗಳಿಗೆ ಆರು ರೂಪಾಯಿಗಿಂತಲೂ ಕೆಳಗಿಳಿದಿತ್ತು.

ಈ ಇಳಿಜಾರಿನಲ್ಲಿ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಿ. ಅವನು 360ಕ್ಕೆ ನೂರು ಶೇರು ಕೊಂಡ. 200ಕ್ಕೆ ಬಂದಾಗ “ಅರ್ಧಬೆಲೆ” ಎಂದು ಇನ್ನೂ ನೂರು ಕೊಂಡ. 80ಕ್ಕೆ ಬಂದಾಗ ಸರಾಸರಿ ತಗ್ಗಲೆಂದು ಇನ್ನೂರು ಕೊಂಡ. ಒಟ್ಟು 72 ಸಾವಿರ ಹಾಕಿದ, ಅವನ ಪುಸ್ತಕದಲ್ಲಿ ಸರಾಸರಿ 180ಕ್ಕೆ ಇಳಿಯಿತು. ಇಳಿದದ್ದು ಅವನ ಪುಸ್ತಕದ ಒಂದು ಸಂಖ್ಯೆ ಮಾತ್ರ. ಬ್ಯಾಂಕಿನ ಒಂದು ಕೆಟ್ಟ ಸಾಲವೂ ಅದರಿಂದ ವಸೂಲಾಗಲಿಲ್ಲ. ಪ್ರತಿ ಸಲವೂ ಅವನು ಅಳೆದದ್ದು 400 ಎಂಬ ಕೋಲಿನಿಂದ. ಆ ಕೋಲು ಸರಿಯಾದದ್ದೇ ಎಂದು ಅವನು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಆ ಕೋಲೇ ಸವೆದಿತ್ತು ಎಂಬುದಕ್ಕೆ ಗುರುತು ಮೊದಲೇ ಇತ್ತು. 2017ರ ಮಾರ್ಚಿಗೆ ತನ್ನ ಕೆಟ್ಟ ಸಾಲ ಸುಮಾರು 2,018 ಕೋಟಿ ಎಂದು ಬ್ಯಾಂಕು ಹೇಳಿಕೊಂಡಿತ್ತು. ರಿಸರ್ವ್ ಬ್ಯಾಂಕ್ ಪರಿಶೀಲಿಸಿದಾಗ ಅದೇ ಲೆಕ್ಕ ಸುಮಾರು 8,373 ಕೋಟಿ ಎಂದು ತೇಲಿತು. ಈ ವ್ಯತ್ಯಾಸವನ್ನು ಬ್ಯಾಂಕು 2017ರಲ್ಲೇ ಬಹಿರಂಗಪಡಿಸಬೇಕಾಗಿ ಬಂದಿತ್ತು. ಅಂದರೆ ಶೇರು 400 ಮುಟ್ಟುವುದಕ್ಕೆ ಹತ್ತು ತಿಂಗಳ ಮೊದಲೇ, ಸಾಲದ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲವೆಂದು ಓದಬಲ್ಲವರಿಗೆ ತಿಳಿದಿತ್ತು. 400 ಎಂಬುದು ಬ್ಯಾಂಕಿನ ಯೋಗ್ಯತೆಯ ಗುರುತಲ್ಲ, ಆ ಲೆಕ್ಕವನ್ನು ನಂಬಿದವರ ಉತ್ಸಾಹದ ಗುರುತು. ಉತ್ಸಾಹ ಇಳಿದ ಮೇಲೆ ಅದರ ಎತ್ತರದಿಂದ ಕೆಳಕ್ಕೆ ಅಳೆದು “ಅಗ್ಗ” ಎನ್ನುವುದು, ಜ್ವರ ಬಂದ ದಿನದ ಮೈಬಿಸಿಯನ್ನೇ ಆರೋಗ್ಯವೆಂದು ತಿಳಿದು ಉಳಿದ ದಿನಗಳಲ್ಲಿ ಮೈ ತಣ್ಣಗಾಯಿತೆಂದು ಹೆದರಿದಂತೆ.

ಇನ್ನು ಮುಂದಿನ ಅಧ್ಯಾಯ ಹೆಚ್ಚು ಗಮನಿಸತಕ್ಕದ್ದು. ಮುಳುಗುತ್ತಿದ್ದ ಬ್ಯಾಂಕನ್ನು ಉಳಿಸಲು ಸ್ಟೇಟ್ ಬ್ಯಾಂಕ್ ಮತ್ತು ಇತರ ಹಣಕಾಸು ಸಂಸ್ಥೆಗಳು 2020ರ ಮಾರ್ಚಿನಲ್ಲಿ ಶೇರೊಂದಕ್ಕೆ 10 ರೂಪಾಯಿಯಂತೆ 10 ಸಾವಿರ ಕೋಟಿ ಹಾಕಿದವು. ಅದೇ ವರ್ಷ ಜುಲೈಯಲ್ಲಿ 12 ರೂಪಾಯಿಯಂತೆ ಇನ್ನೂ 15 ಸಾವಿರ ಕೋಟಿ ಎತ್ತಲಾಯಿತು. ಹಣ ಬಂದಂತೆ ಹೊಸ ಶೇರುಗಳೂ ಹುಟ್ಟಿದವು. 2018ರಲ್ಲಿ ಸುಮಾರು 230 ಕೋಟಿ ಇದ್ದ ಶೇರುಗಳು 2025ರ ಹೊತ್ತಿಗೆ ಸುಮಾರು 3,135 ಕೋಟಿಯಾದವು. ಅಂದು ನೂರು ತುಂಡು ಮಾಡಿದ್ದ ಹೋಳಿಗೆಯನ್ನು ಈಗ ಸಾವಿರದ ಮುನ್ನೂರ ಅರವತ್ತಕ್ಕೂ ಮಿಕ್ಕಿ ತುಂಡು ಮಾಡಿದಂತಾಯಿತು. ಹಳೆಯ ಶೇರುದಾರನ ಕೈಯಲ್ಲಿರುವುದು ಅದೇ ಹೆಸರಿನ ಚೀಟಿಯಾದರೂ ಅದೇ ಅಳತೆಯ ತುಂಡಲ್ಲ.

2025ರಲ್ಲಿ ಜಪಾನಿನ ಸುಮಿತೊಮೊ ಮಿತ್ಸುಯಿ ಬ್ಯಾಂಕು ಸ್ಟೇಟ್ ಬ್ಯಾಂಕು ಮತ್ತಿತರರಿಂದ ಯೆಸ್ ಬ್ಯಾಂಕಿನ ನೂರಕ್ಕೆ ಇಪ್ಪತ್ತರಷ್ಟು ಪಾಲನ್ನು ಶೇರೊಂದಕ್ಕೆ 21 ರೂಪಾಯಿ 50 ಪೈಸೆಯಂತೆ ಕೊಂಡಿತು. ಈಗ ಒಂದು ಸಣ್ಣ ಗುಣಾಕಾರ ಮಾಡೋಣ. 2018ರಲ್ಲಿ 230 ಕೋಟಿ ಶೇರು, ತಲಾ 400 ರೂಪಾಯಿ. ಇಡೀ ಬ್ಯಾಂಕಿನ ಬೆಲೆ ಸುಮಾರು 92 ಸಾವಿರ ಕೋಟಿ. 2025ರಲ್ಲಿ 3,135 ಕೋಟಿ ಶೇರು, ತಲಾ 21.50. ಇಡೀ ಬ್ಯಾಂಕಿನ ಬೆಲೆ ಸುಮಾರು 67 ಸಾವಿರ ಕೋಟಿ. ಶೇರಿನ ಬೆಲೆ ಹದಿನೆಂಟರಲ್ಲಿ ಒಂದು ಪಾಲಿಗೆ ಇಳಿಯಿತು. ಇಡೀ ಬ್ಯಾಂಕಿನ ಬೆಲೆ ಇಳಿದದ್ದು ಕಾಲುಭಾಗದಷ್ಟು ಮಾತ್ರ! “ನಾನೂರರ ಶೇರು ಇಪ್ಪತ್ತೊಂದಕ್ಕೆ ಬಿದ್ದಿದೆ, ಇನ್ನೆಷ್ಟು ಅಗ್ಗವಾಗಬೇಕು” ಎನ್ನುವವರು ಎರಡು ಬೇರೆ ಬೇರೆ ವಸ್ತುಗಳ ಬೆಲೆಯನ್ನು ಹೋಲಿಸುತ್ತಿದ್ದಾರೆ. ಅದೇ ಶೇರು ಮತ್ತೆ 400 ಆಗಬೇಕಾದರೆ ಇಡೀ ಬ್ಯಾಂಕಿನ ಬೆಲೆ ಹನ್ನೆರಡೂವರೆ ಲಕ್ಷ ಕೋಟಿ ಆಗಬೇಕು. 2025ರ ಮಧ್ಯದಲ್ಲಿ ಸ್ಟೇಟ್ ಬ್ಯಾಂಕಿನ ಒಟ್ಟು ಬೆಲೆಯೇ ಏಳೆಂಟು ಲಕ್ಷ ಕೋಟಿಯಷ್ಟಿತ್ತು. “ನಾನೂರು ಬಂದರೆ ಮಾರುತ್ತೇನೆ” ಎನ್ನುವವರು, ಯೆಸ್ ಬ್ಯಾಂಕು ಸ್ಟೇಟ್ ಬ್ಯಾಂಕಿಗಿಂತ ದೊಡ್ಡದಾಗುವ ದಿನಕ್ಕೆ ಕಾಯುತ್ತಿದ್ದೇವೆಂದು ತಿಳಿದು ಕಾಯುತ್ತಿದ್ದಾರೆಯೇ?

ಇನ್ನೊಂದು ಬಗೆಯಿಂದಲೂ ನೋಡಬಹುದು. 21.50ರ ಆ ಬೆಲೆ ಸ್ಟೇಟ್ ಬ್ಯಾಂಕಿಗೆ ಹಾಕಿದ ಹಣದ ದುಪ್ಪಟ್ಟಿಗಿಂತ ಹೆಚ್ಚು, ಏಕೆಂದರೆ ಅದು ಹೆಚ್ಚಿನ ಶೇರುಗಳನ್ನು ಕೊಂಡದ್ದು 10ಕ್ಕೆ. 360ಕ್ಕೆ ಕೊಂಡವನಿಗೆ ಅದೇ ಬೆಲೆ ಸರ್ವನಾಶ. ಒಂದೇ ದಿನ, ಒಂದೇ ಶೇರು, ಒಂದೇ ಬೆಲೆ. ಅದು ಅಗ್ಗವೋ ದುಬಾರಿಯೋ ಎಂಬುದನ್ನು ಕೊಂಡವನ ನೆನಪು ನಿರ್ಧರಿಸುವುದಾದರೆ ಅದು ಏಕಕಾಲದಲ್ಲಿ ಎರಡೂ ಆಗಬೇಕಾಗುತ್ತದೆ. ಆದ್ದರಿಂದ ನೆನಪಿಗೆ ಆ ಅಧಿಕಾರವಿಲ್ಲ. ನಾವು ಎಷ್ಟು ಕೊಟ್ಟೆವೆಂಬುದು ಶೇರಿಗೆ ಗೊತ್ತಿಲ್ಲ. ತನ್ನನ್ನು ನಾವು ಇಟ್ಟುಕೊಂಡಿದ್ದೇವೆಂಬುದೂ ಅದಕ್ಕೆ ಗೊತ್ತಿಲ್ಲ.

ಹಾಗಾದರೆ “ಯಾವುದಕ್ಕಿಂತ ಅಗ್ಗ” ಎಂಬ ಪ್ರಶ್ನೆಗೆ ಉತ್ತರವೇನು? ಕಂಪನಿ ಮುಂದೆ ಗಳಿಸಬಹುದಾದುದಕ್ಕಿಂತ, ಅದರ ಬಳಿ ನಿಜವಾಗಿ ಇರುವುದಕ್ಕಿಂತ. ಒಂದು ಶೇರಿನ ಬೆಲೆಯನ್ನು ಒಟ್ಟು ಶೇರುಗಳಿಂದ ಗುಣಿಸಿದರೆ ಇಡೀ ಅಂಗಡಿಯ ಬೆಲೆ ಸಿಗುತ್ತದೆ. ಆ ಅಂಗಡಿ ವರ್ಷಕ್ಕೆ ಎಷ್ಟು ಲಾಭ ಮಾಡುತ್ತದೆ, ತಲೆಯ ಮೇಲೆ ಸಾಲ ಎಷ್ಟಿದೆ, ಆ ಲಾಭ ನಗದಾಗಿ ಬರುತ್ತದೆಯೋ ಬರೀ ಕಾಗದದಲ್ಲಿದೆಯೋ, ಕಳೆದ ಕೆಲವು ವರ್ಷಗಳಲ್ಲಿ ಶೇರುಗಳ ಸಂಖ್ಯೆ ಹೆಚ್ಚಿದೆಯೋ ಎಂದು ವಾರ್ಷಿಕ ವರದಿಯಲ್ಲಿ ನೋಡಬೇಕು. ನಮ್ಮ ಪೈಕಿ ಎಷ್ಟೋ ಮಂದಿ ಉಡುಪಿ ಹೋಟೆಲುಗಳ ಗಲ್ಲಾದ ಹಿಂದೆ ಕೂತವರು. ಯಾರಾದರೂ ಹೋಟೆಲು ಮಾರಲು ಬಂದರೆ, “ಹೋದ ವರ್ಷ ಒಬ್ಬರು ಎರಡು ಕೋಟಿಗೆ ಕೇಳಿದ್ದರು” ಎಂಬ ಮಾತಿಗೆ ಅವರು ತಲೆದೂಗುವುದಿಲ್ಲ. ದಿನದ ವ್ಯಾಪಾರವೆಷ್ಟು, ಬಾಡಿಗೆಯೆಷ್ಟು, ಆಳುಗಳ ಸಂಬಳವೆಷ್ಟು, ಎದುರಿಗೆ ಹೊಸ ಹೋಟೆಲು ಬರಲಿದೆಯೇ ಎಂದು ವಿಚಾರಿಸುತ್ತಾರೆ. ಶೇರಿನಲ್ಲೂ ಕೇಳಬೇಕಾದದ್ದು ಅಷ್ಟೇ.

ಆದರೆ ಗರಿಷ್ಠ ಬೆಲೆಯಲ್ಲಿ ಏನೇನೂ ಸುದ್ದಿಯಿಲ್ಲ ಎಂದರೆ ಅದೂ ತಪ್ಪಾದೀತು. ಸುದ್ದಿಯಿದೆ, ಆದರೆ ನಾವು ತಿಳಿದದ್ದಕ್ಕೆ ತಿರುಗುಮುರುಗಾಗಿ. ಜಾರ್ಜ್ ಮತ್ತು ಹ್ವಾಂಗ್ ಎಂಬ ವಿದ್ವಾಂಸರು ಅಮೆರಿಕದ ಶೇರುಗಳ ಸುಮಾರು ನಲವತ್ತು ವರ್ಷಗಳ ಲೆಕ್ಕ ತೆಗೆದು 2004ರಲ್ಲಿ ಪ್ರಕಟಿಸಿದರು. ಐವತ್ತೆರಡು ವಾರಗಳ ಗರಿಷ್ಠ ಬೆಲೆಯ ಹತ್ತಿರವಿದ್ದ ಶೇರುಗಳು ಮುಂದಿನ ತಿಂಗಳುಗಳಲ್ಲಿ, ಗರಿಷ್ಠದಿಂದ ದೂರ ಬಿದ್ದಿದ್ದ ಶೇರುಗಳಿಗಿಂತ, ಸರಾಸರಿಯಲ್ಲಿ ಚೆನ್ನಾಗಿ ನಡೆದಿದ್ದವು. ಅವರು ಕೊಟ್ಟ ಕಾರಣ ಇದು: ಒಳ್ಳೆಯ ಸುದ್ದಿ ಬಂದಾಗ ಶೇರು ಗರಿಷ್ಠದ ಹತ್ತಿರವಿದ್ದರೆ ಜನ “ಇಷ್ಟೇ ಹೆಚ್ಚಾಯಿತು” ಎಂದು ಹಿಂಜರಿಯುತ್ತಾರೆ, ಸುದ್ದಿಗೆ ತಕ್ಕಷ್ಟು ಬೆಲೆ ಕೂಡಲೇ ಏರುವುದಿಲ್ಲ, ಆಮೇಲೆ ನಿಧಾನವಾಗಿ ಏರುತ್ತದೆ. ಕೆಟ್ಟ ಸುದ್ದಿ ಬಂದಾಗ ಶೇರು ಬಹಳ ಕೆಳಗಿದ್ದರೆ “ಇನ್ನೇನು ಬಿದ್ದೀತು” ಎಂದು ಮಾರದೆ ಕೂರುತ್ತಾರೆ, ಆಮೇಲೆ ಅದು ನಿಧಾನವಾಗಿ ಇನ್ನೂ ಬೀಳುತ್ತದೆ. ಇದು ಸರಾಸರಿಯ ಮಾತು, ಒಂದೊಂದು ಶೇರಿನ ಭವಿಷ್ಯವಲ್ಲ. ಬಿದ್ದ ಶೇರು ನಿಜಕ್ಕೂ ಅಗ್ಗವಾಗಿರುವುದುಂಟು. ಬಿದ್ದದ್ದೇ ಅದಕ್ಕೆ ಸಾಕ್ಷಿಯಲ್ಲ ಎನ್ನುವುದಷ್ಟೇ ನಮ್ಮ ಮಾತು.

ಈಗ ಕೊಂಡ ಬೆಲೆಯ ಕಡೆಗೆ ಬರೋಣ. ಇಲ್ಲಿ ವಿಚಾರ ಲೆಕ್ಕವನ್ನು ದಾಟಿ ಧರ್ಮದ ಅಂಗಳಕ್ಕೆ ಕಾಲಿಡುತ್ತದೆ.

ನಮ್ಮ ನೆರೆಯಲ್ಲಿ ನಿವೃತ್ತರೊಬ್ಬರಿದ್ದಾರೆ. ಹೆಸರು, ಕಂಪನಿ ಎರಡೂ ಬೇಡ. ಅವರಲ್ಲಿ ಒಂದು ಶೇರು ಸಾವಿರ ಇತ್ತು, ತಲಾ 480ಕ್ಕೆ ಕೊಂಡದ್ದು. ಅದು 300ಕ್ಕೆ ಇಳಿದಿದ್ದಾಗ ಮಗಳ ಸ್ನಾತಕೋತ್ತರ ಓದಿಗೆ ಮೂರು ಲಕ್ಷ ಬೇಕಾಯಿತು. ಶೇರು ಮಾರಿದ್ದರೆ ಸರಿಯಾಗಿ ಅಷ್ಟೇ ಬರುತ್ತಿತ್ತು. “ಅಲ್ಲಾರೀ, ಅದನ್ನೇ ಕೊಟ್ಟುಬಿಡಬಾರದೇ?” ಎಂದು ಮನೆಯಾಕೆ ಕೇಳಿದಾಗ, “ನಷ್ಟಕ್ಕೆ ಮಾರುವವನು ನಾನಲ್ಲ” ಎಂದು ಹೇಳಿ, ನೂರಕ್ಕೆ ಹದಿಮೂರರ ಬಡ್ಡಿಗೆ ಸಾಲ ತಂದರು. ವರ್ಷವರ್ಷ ಬಡ್ಡಿ ಕಟ್ಟಿ ಅಸಲನ್ನು ಕೊನೆಗೆ ತೀರಿಸುವ ಕರಾರು. ವರ್ಷಕ್ಕೆ 39 ಸಾವಿರ ಬಡ್ಡಿ.

ಅವರು ಮಾಡಿದ್ದೇನೆಂದು ಬಿಡಿಸಿ ನೋಡಿ. ಕೈಯಲ್ಲಿದ್ದ ಮೂರು ಲಕ್ಷದ ಶೇರನ್ನು ಇಟ್ಟುಕೊಂಡು ಮೂರು ಲಕ್ಷ ಸಾಲ ತಂದದ್ದಕ್ಕೂ, ಶೇರನ್ನು ಮಾರಿ ಶುಲ್ಕ ಕಟ್ಟಿ, ಮಾರನೆಯ ದಿನ ಸಾಲ ತಂದು ಅದೇ ಶೇರನ್ನು 300ಕ್ಕೆ ಕೊಂಡದ್ದಕ್ಕೂ ಏನು ವ್ಯತ್ಯಾಸ? ದಲಾಲಿಯ ಸಣ್ಣ ಖರ್ಚು ಬಿಟ್ಟರೆ ಏನೂ ಇಲ್ಲ. “ಹದಿಮೂರರ ಬಡ್ಡಿಗೆ ಸಾಲ ಮಾಡಿ ಈ ಶೇರು ಕೊಳ್ಳುವಿರಾ?” ಎಂದು ಯಾರಾದರೂ ಕೇಳಿದ್ದರೆ ಅವರು ಸಿಟ್ಟಾಗುತ್ತಿದ್ದರು, ಏಕೆಂದರೆ ಅವರು ಮರ್ಯಾದಸ್ಥರು, ಸಾಲ ಮಾಡಿ ಜೂಜಾಡುವವರಲ್ಲ. ಆದರೂ 480 ಎಂಬ ಒಂದು ಸಂಖ್ಯೆ ಅವರಿಂದ ಅದನ್ನೇ ಮಾಡಿಸಿತು. ಎರಡು ವರ್ಷದ ಮೇಲೆ ಶೇರು 260ರಲ್ಲಿತ್ತು. ಬಡ್ಡಿ 78 ಸಾವಿರ, ಬೆಲೆ ಇಳಿದದ್ದು 40 ಸಾವಿರ. ಅಲ್ಪಸ್ವಲ್ಪ ಡಿವಿಡೆಂಡು ಬಂದದ್ದನ್ನು ಬಿಟ್ಟರೆ ಒಂದು ಲಕ್ಷದ ಹದಿನೆಂಟು ಸಾವಿರ ಹೋಯಿತು. “ನಷ್ಟಕ್ಕೆ ಮಾರೆ” ಎಂಬ ಹಟದ ಬೆಲೆ ಇದು.

ಅವರನ್ನು ನಗುವ ಹಕ್ಕು ನಮಗಿಲ್ಲ. ನಾವೂ ಒಂದು ಶೇರನ್ನು 240ಕ್ಕೆ ಕೊಂಡು, ಅದು 150ಕ್ಕೆ ಇಳಿದಾಗ ಹಲ್ಲು ಕಚ್ಚಿ ಕೂತಿದ್ದೆವು. ಆರು ವರ್ಷಕ್ಕೆ ಮತ್ತೆ 240 ಬಂತು. ಅಂದೇ ಮಾರಿ, ಬದುಕಿದೆವೆಂದು ಮನೆಗೆ ಸಿಹಿ ತಂದೆವು. ಆ 240ನ್ನು ನೂರಕ್ಕೆ ಏಳರಂತೆ ಠೇವಣಿ ಇಟ್ಟಿದ್ದರೆ ಆರು ವರ್ಷದಲ್ಲಿ 360 ಆಗುತ್ತಿತ್ತು ಎಂಬ ಲೆಕ್ಕ ಆ ಸಿಹಿ ಕರಗಿದ ಎಷ್ಟೋ ದಿನಗಳ ಮೇಲೆ ಹೊಳೆಯಿತು. ಸಿಹಿ ಹಂಚಿದ್ದು ಶೇರೊಂದಕ್ಕೆ 120 ರೂಪಾಯಿ ಕಳೆದುಕೊಂಡದ್ದಕ್ಕೆ! ಮಾರಿದ ದಿನ ಆ ಕಂಪನಿ ಮುಂದೆ ಹೇಗಿರುತ್ತದೆಂದು ನಾವು ಯೋಚಿಸಿರಲೂ ಇಲ್ಲ. ಕೊಂಡ ಬೆಲೆ ಬಂತು, ಬಿಡುಗಡೆಯಾಯಿತು, ಅಷ್ಟೆ.

ಇದು ನಮ್ಮೊಬ್ಬರ ದೌರ್ಬಲ್ಯವಲ್ಲ. ಟೆರೆನ್ಸ್ ಓಡೀನ್ ಎಂಬವರು ಅಮೆರಿಕದ ಒಂದು ದಲ್ಲಾಳಿ ಸಂಸ್ಥೆಯ ಹತ್ತು ಸಾವಿರ ಖಾತೆಗಳನ್ನು ಪರಿಶೀಲಿಸಿ 1998ರಲ್ಲಿ ಬರೆದರು. ಜನ ಲಾಭದಲ್ಲಿರುವ ಶೇರನ್ನು ಬೇಗ ಮಾರುತ್ತಾರೆ, ನಷ್ಟದಲ್ಲಿರುವುದನ್ನು ಅಪ್ಪಿಕೊಂಡು ಕೂರುತ್ತಾರೆ. ಅವರು ಮಾರಿದ ಲಾಭದ ಶೇರುಗಳು ಮುಂದಿನ ವರ್ಷ, ಉಳಿಸಿಕೊಂಡ ನಷ್ಟದ ಶೇರುಗಳಿಗಿಂತ, ಸರಾಸರಿಯಲ್ಲಿ ಹೆಚ್ಚು ಗಳಿಸಿದ್ದವು. ತೋಟದಲ್ಲಿ ಫಲ ಕೊಡುವ ಮರ ಕಡಿದು ಒಣಗಿದ ಮರಕ್ಕೆ ನೀರೆರೆದಂತೆ.

ಇದನ್ನೆಲ್ಲ ಒಮ್ಮೆ ನಮ್ಮ ಆ ನೆರೆಯವರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಹೇಳುವುದು ಲೆಕ್ಕಕ್ಕೆ ಸರಿ. ಆದರೆ ಆ ನಾಲ್ಕು ಲಕ್ಷದ ಎಂಬತ್ತು ಸಾವಿರ ನಾನು ಓವರ್‌ಟೈಮ್ ಮಾಡಿ ಕೂಡಿಸಿದ್ದು. ಅದನ್ನು ಮರೆತುಬಿಡು ಎಂದರೆ ನನ್ನ ಬೆವರನ್ನೇ ಮರೆತುಬಿಡು ಎಂದಂತಲ್ಲವೇ?” ಎಂದರು.

ಈ ಮಾತಿಗೆ ಲೆಕ್ಕದಲ್ಲಿ ಉತ್ತರವಿಲ್ಲ. ಊರು ಬಿಟ್ಟು ಬಂದು ಖೋಲಿಯಲ್ಲಿ ನಾಲ್ವರೊಡನೆ ಮಲಗಿ, ರಾತ್ರಿಶಾಲೆ ಓದಿ, ಒಂದೊಂದು ರೂಪಾಯಿಯನ್ನೂ ಎಣಿಸಿ ಕೂಡಿಟ್ಟವರಿಗೆ ಕೊಂಡ ಬೆಲೆ ಬರೀ ಸಂಖ್ಯೆಯಲ್ಲ, ಅದು ಆಯುಸ್ಸಿನ ತುಂಡು. ಅದನ್ನು ಬಿಟ್ಟುಕೊಟ್ಟರೆ ಆ ವರ್ಷಗಳಿಗೆ ದ್ರೋಹ ಬಗೆದಂತೆ ಅನ್ನಿಸುವುದು ಸಹಜ. ಕೊಂಡ ಬೆಲೆಗೆ ನಾವೊಂದು ಋಣ ಸಲ್ಲಿಸಬೇಕಾಗಿದೆಯೇನೋ ಎಂಬಂತೆ ಕಾಯುತ್ತೇವೆ.

ಆದರೆ ಆ ಋಣವನ್ನು ಯಾರಿಗೆ ಸಲ್ಲಿಸಬೇಕು? ಬೆವರು ಸುರಿಸಿದ್ದು ಶೇರಿಗಾಗಿ ಅಲ್ಲ, ಮಗಳ ಓದಿಗಾಗಿ, ಮನೆಯಾಕೆಯ ಔಷಧಕ್ಕಾಗಿ, ಮುಪ್ಪಿನ ಗಂಜಿಗಾಗಿ. 480ರಲ್ಲಿ ಹೋದ 180 ಹೋಗಿದೆ. ಉಳಿದ 300ರಲ್ಲಿ ಆ ಬೆವರು ಇನ್ನೂ ಇದೆ. ಬೆವರಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ ಆ ಉಳಿದದ್ದನ್ನು ಒಳ್ಳೆಯ ಜಾಗದಲ್ಲಿ ಇಡುವುದು. ಹೋದದ್ದರ ಮೇಲಿನ ಅಭಿಮಾನಕ್ಕೆ ಉಳಿದದ್ದನ್ನೂ ಒತ್ತೆಯಿಟ್ಟರೆ ಅದು ಬೆವರಿನ ಗೌರವವಲ್ಲ, ನಮ್ಮ ತೀರ್ಪು ತಪ್ಪಾಯಿತೆಂದು ಒಪ್ಪಿಕೊಳ್ಳದ ಹಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಹೇಳಿದರು. ನಾವು ಶೇರಿನಲ್ಲಿ ಹೋದ ಮಾನವನ್ನು ಅದೇ ಶೇರಿನಿಂದ ತರಿಸಲು ಹೊರಡುತ್ತೇವೆ, ಅದಕ್ಕೆ ಮನೆಮಂದಿಯ ಹಣವನ್ನು ಬಳಸುತ್ತೇವೆ.

“ಮಾರಿಲ್ಲವಲ್ಲ, ಆದ್ದರಿಂದ ನಷ್ಟವಿಲ್ಲ” ಎಂದು ಮನೆಯಲ್ಲಿ ಹೇಳುತ್ತೇವಲ್ಲ, ಅದು ಎಷ್ಟು ಸಣ್ಣ ಮಾತಾಗಿ ಕಂಡರೂ ಸುಳ್ಳೇ. ಮಾರದಿದ್ದರೂ ಇಂದು ಅಂಗಡಿಗೆ ಹೋಗಿ ಅದರಿಂದ ಕೊಳ್ಳಬಹುದಾದ ಅಕ್ಕಿ ಕಡಿಮೆಯೇ. ಆ ಸುಳ್ಳನ್ನು ನಂಬಿ ಮನೆಯಾಕೆ ಮದುವೆಗೋ ಚಿಕಿತ್ಸೆಗೋ ಲೆಕ್ಕ ಹಾಕಿಕೊಂಡರೆ, ಕೇಡು ನಮ್ಮೊಬ್ಬರಿಗೇ ನಿಲ್ಲುವುದಿಲ್ಲ. ತಾಳ್ಮೆಗೂ ಹಟಕ್ಕೂ ನಡುವೆ ಗೆರೆ ಎಲ್ಲಿ ಎಂದು ಕೇಳಿದರೆ ನಮಗೆ ತೋರುವುದು ಇಷ್ಟು: “ಏಕೆ ಇಟ್ಟುಕೊಂಡಿದ್ದೀರಿ” ಎಂಬ ಪ್ರಶ್ನೆಗೆ ಕೊಂಡ ಬೆಲೆಯ ಹೆಸರೆತ್ತದೆ ಉತ್ತರ ಹೇಳಬಲ್ಲವರದು ತಾಳ್ಮೆ. ಕಂಪನಿಯ ಲಾಭ, ಸಾಲ, ಮುಂದಿನ ಕೆಲಸ ಇವುಗಳನ್ನು ಹೇಳಿ, “ಇಂದು ಕೈಯಲ್ಲಿ ನಗದಿದ್ದರೂ ಈ ಬೆಲೆಗೆ ಇದನ್ನೇ ಕೊಳ್ಳುತ್ತಿದ್ದೆ” ಎನ್ನಬಲ್ಲವರು ಬೆಲೆ ಎಷ್ಟೇ ಇಳಿದಿದ್ದರೂ ಧೈರ್ಯವಾಗಿ ಇಟ್ಟುಕೊಳ್ಳಲಿ. ಆ ಮಾತು ಬಾಯಿಗೆ ಬಾರದಿದ್ದರೆ, ನಾವು ಕಾಯುತ್ತಿರುವುದು ಶೇರಿಗಾಗಿ ಅಲ್ಲ.

ಕೊಂಡ ಬೆಲೆಯನ್ನು ಹರಿದು ಬಿಸಾಡಿ ಎಂದು ನಾವು ಹೇಳುವುದಿಲ್ಲ. ಆದಾಯ ತೆರಿಗೆಯವರಿಗೆ ಅದು ಬೇಕು. ಲಾಭವೆಷ್ಟು ನಷ್ಟವೆಷ್ಟು ಎಂಬುದು ಅದರ ಮೇಲೆಯೇ ನಿಂತಿದೆ. ಶೇರಿನಲ್ಲಿ ಆದ ನಷ್ಟವನ್ನು ನಿಯಮದ ಪ್ರಕಾರ ಲೆಕ್ಕಪತ್ರದಲ್ಲಿ ಸಕಾಲಕ್ಕೆ ತೋರಿಸಿದರೆ, ಮುಂದಿನ ಎಂಟು ವರ್ಷಗಳ ತನಕ ಅಂಥದೇ ಲಾಭದಿಂದ ಅದನ್ನು ಕಳೆಯಬಹುದು. ಸೋತ ಶೇರನ್ನು ಮಾರಿದರೆ ಸಿಗುವ ಒಂದು ಸಣ್ಣ ಸಮಾಧಾನ ಇದು, ಮಾರದೆ ಕೂತವರಿಗೆ ಇದೂ ಇಲ್ಲ. ಹಾಗೆಯೇ ನಮ್ಮ ತಪ್ಪುಗಳಿಂದ ಕಲಿಯುವುದಕ್ಕೂ ಕೊಂಡ ಬೆಲೆ ನೆನಪಿರಬೇಕು. ಅಗ್ಗವೋ ದುಬಾರಿಯೋ ಎಂದು ತೀರ್ಮಾನಿಸುವಾಗ ಮಾತ್ರ ಅದು ಬಾಯಿ ಹಾಕಬಾರದು.

ಸಭೆಯಲ್ಲಿ ಆ ಪ್ರಶ್ನೆ ಕೇಳಿದವರು ಯಾರೆಂದು ಹೇಳದೆ ಮುಗಿಸಿದರೆ ತಪ್ಪಾದೀತು. ಅವರು ನಮ್ಮ ಆ ನೆರೆಯವರ ಮನೆಯಾಕೆಯೇ. ಸಾಲ ತೀರಿದ ಮೇಲೆ ಶೇರಿನ ಲೆಕ್ಕವನ್ನು ಅವರೇ ವಹಿಸಿಕೊಂಡಿದ್ದಾರೆ. ಮೊನ್ನೆ ಅವರ ಪುಸ್ತಕವನ್ನು ನಮಗೆ ತೋರಿಸಿದರು. ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳು. ಕಂಪನಿಯ ಹೆಸರು, ಎಷ್ಟು ಶೇರು, ಇಂದಿನ ಬೆಲೆ, ಹೋದ ವರ್ಷದ ಲಾಭ, ಇರುವ ಸಾಲ, ಮತ್ತು ಕೊನೆಯಲ್ಲಿ “ಇಂದಾದರೆ ಕೊಳ್ಳುತ್ತೇವೆಯೇ” ಎಂದು ಒಂದು ಅಂಕಣ. ಕೊಂಡ ಬೆಲೆಯ ಅಂಕಣ ಎಲ್ಲೂ ಇರಲಿಲ್ಲ. ಕೇಳಿದ್ದಕ್ಕೆ, “ಅದು ಆಡಿಟರಿಗೆ ಬೇಕಾದದ್ದು, ಬೇರೆ ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಹಾಕಿದ್ದೇನೆ. ಇವರ ಕಣ್ಣಿಗೆ ಬೀಳದ ಹಾಗೆ” ಎಂದು ನಕ್ಕರು. ಪಕ್ಕದಲ್ಲಿ ಕೂತಿದ್ದ ಅವರ ಯಜಮಾನರು ಪತ್ರಿಕೆಯಿಂದ ತಲೆಯೆತ್ತದೆ, “ನನಗೆ ಅದು ಬಾಯಿಪಾಠವಾಗಿದೆ” ಎಂದರು.